ಮೂರು ಗೋಡೆಯ ಕೌದಿ ಗುಡಾರ

ಕೆಲಸ ಇಷ್ಟೇ: ಒಂಬತ್ತು ನಿಮಿಷದ ಒಂದು ಚಿತ್ರಕ್ಕೆ ದನಿ ಕೂಡಿಸಬೇಕು. ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಊರವರೇ ಸೇರಿ ಕೆರೆಯ ಹೂಳು ತೆಗೆದ ಕಥೆ ಅದು. ಫೋಟೊಗಳು ಮತ್ತು ಒಂದಿಷ್ಟು ವಿಡಿಯೊ ಸಿದ್ಧವಿದ್ದವು. ಕಥೆ ಹೇಳುವುದಕ್ಕೆ ನಮ್ಮ ಓಣಿಯ ನಿವೃತ್ತ ಶಿಕ್ಷಕಿ, ಹೂಳು ಸಾಗಿಸಿದವನ ಮಾತಿಗೆ ನಿಜವಾಗಿಯೂ ಟ್ರ್ಯಾಕ್ಟರ್ ಓಡಿಸುವ ಒಬ್ಬ ಕಾಕಾ, ಕೆರೆಯ ಅಂಗಳದಲ್ಲಿ ಆಡುವ ಹುಡುಗಿಗೆ ಐದನೇ ತರಗತಿಯ ಪಕ್ಕದ ಮನೆಯ ಮಗಳು. ಮೂವರೂ ಮೈಕಿನ ಮುಂದೆ ನಿಂತವರಲ್ಲ. ಸ್ಟುಡಿಯೊ ಬಾಡಿಗೆಗೆ ಸಿಗುತ್ತದೆ. ಆದರೆ ಗಾಜಿನ ಆಚೆ ಯಾರೋ ಕುಳಿತು ಬೆರಳು ತೋರಿಸಿದ ಕೂಡಲೇ ಮಾತಾಡಬೇಕು ಎಂದರೆ ಈ ಮೂವರ ಬಾಯಿ ಕಟ್ಟಿಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ನಮ್ಮ ಮನೆಯ ಹಿಂದಿನ ಕೋಣೆ, ನನ್ನ ಮೊಬೈಲ್, ಮನೆಯಲ್ಲಿದ್ದ ಹಾಸಿಗೆ ಹೊದಿಕೆಗಳು. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಕೋಣೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಮೇಲೆ ಆರ್‌ಸಿಸಿ, ಕೆಳಗೆ ನುಣ್ಣನೆಯ ಕಾವಿ ನೆಲ, ಒಂದು ಕಬ್ಬಿಣದ ಬೀರು. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ಚಪ್ಪಾಳೆಯ ಹಿಂದೆಯೇ ಝಿರ್ ಎಂದು ಒಂದು ಬಾಲ ಹೊರಟಿತು. ಎದುರುಬದುರಾಗಿರುವ ಎರಡು ಬೋಳು ಗೋಡೆಗಳ ನಡುವೆ ಸದ್ದು ಅತ್ತಿಂದಿತ್ತ ಪುಟಿಯುವುದೇ ಈ ಝಿರ್. ಮಾತಾಡುವಾಗ ನಮ್ಮ ಕಿವಿಗೆ ಅದು ತಿಳಿಯುವುದಿಲ್ಲ, ಮಿದುಳು ಅದನ್ನು ಬದಿಗೊತ್ತುತ್ತದೆ. ಮೊಬೈಲಿಗೆ ಆ ದಾಕ್ಷಿಣ್ಯವಿಲ್ಲ. ರೆಕಾರ್ಡ್ ಮಾಡಿ ಕೇಳಿದರೆ ಬಾವಿಯ ಕಟ್ಟೆಯಿಂದ ಮಾತಾಡಿದಂತೆ ಕೇಳಿಸುತ್ತದೆ. ಚಪ್ಪಾಳೆಯ ಜೊತೆಗೆ ಇನ್ನೊಂದು ದನಿಯೂ ಕೇಳಿಸಿತು, ಠಣ್ ಎಂಬ ಸಣ್ಣ ಮಾರ್ದನಿ. ಅದು ಬೀರುವಿನ ತಗಡು. ಬೀರುವಿನ ಬಾಗಿಲಿಗೆ ಒಳಗಿನಿಂದ ಸೀರೆಗಳನ್ನು ಒತ್ತಾಗಿ ತುಂಬಿ, ಹಿಡಿಕೆಗೆ ಟವೆಲ್ ಸುತ್ತಿದ ಮೇಲೆ ಅದು ಸುಮ್ಮನಾಯಿತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಕಂಬಳಿ, ಕೌದಿ, ಹಾಸಿಗೆಗಳು ಕೋಣೆಯೊಳಗೆ ಪುಟಿಯುವ ಸದ್ದನ್ನು ನುಂಗುತ್ತವೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಹೊರಗಿನ ಆಟೊ, ಪಕ್ಕದ ಮನೆಯ ಕುಕ್ಕರ್ ಸೀಟಿ, ಗುಡಿಯ ಧ್ವನಿವರ್ಧಕ ಇವಕ್ಕೆಲ್ಲ ಬೇಕಾದುದು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಹೊತ್ತು ಆರಿಸಿಕೊಳ್ಳುವುದು. ನಮ್ಮ ಓಣಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಶಾಲೆ ಬಿಡುವವರೆಗೆ ಎಲ್ಲವೂ ತಣ್ಣಗಿರುತ್ತದೆ. ನಸುಕಿನಲ್ಲಿ ಇನ್ನೂ ಶಾಂತ ಎನಿಸಬಹುದು, ಆದರೆ ಹಕ್ಕಿಗಳು ಬಿಡುವುದಿಲ್ಲ. ಮೇಲಾಗಿ ಎದ್ದ ಕೂಡಲೇ ಎಲ್ಲರ ದನಿಯೂ ದಪ್ಪವಾಗಿ ಇಳಿದಿರುತ್ತದೆ, ಸಂಜೆಯ ದನಿಯ ಜೊತೆ ಜೋಡಿಸಿದರೆ ಬೇರೆಯವರು ಮಾತಾಡಿದಂತೆ ಕಾಣುತ್ತದೆ.

ಮನೆಯೊಳಗಿನ ಸದ್ದುಗಳಲ್ಲಿ ಫ್ರಿಜ್ಜೇ ಮುಖ್ಯ. ಅದರ ಗುಂಯ್ ಎಂಬ ನಾದ ಎರಡು ಗೋಡೆ ದಾಟಿ ಬರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅದರ ಇಮ್ಮಡಿಯಾದ 100 ಹರ್ಟ್ಸಿನಲ್ಲಿ ಈ ನಾದ ಹೆಚ್ಚು, ಗಂಡು ದನಿಯ ಬುಡವೂ ಹೆಚ್ಚುಕಡಿಮೆ ಅಲ್ಲೇ. ಆದ್ದರಿಂದ ಆಮೇಲೆ ಕತ್ತರಿಸಿ ತೆಗೆಯುತ್ತೇನೆ ಎಂದರೆ ದನಿಯೂ ಜೊತೆಗೆ ಹೋಗುತ್ತದೆ. ಫ್ರಿಜ್ ಆರಿಸಿ, ಗಾಡಿಯ ಕೀಲಿಯನ್ನು ಅದರೊಳಗೆ ಇಡುವುದು ಧ್ವನಿಮುದ್ರಣದವರ ಹಳೆಯ ಉಪಾಯ. ಮನೆಯಿಂದ ಹೊರಡುವಾಗ ಕೀಲಿ ಹುಡುಕುತ್ತೇವೆ, ಫ್ರಿಜ್ ನೆನಪಾಗುತ್ತದೆ, ಹಾಲು ಕೆಡುವುದಿಲ್ಲ. ಟ್ಯೂಬ್‌ಲೈಟಿನ ಹಳೆಯ ಚೋಕ್ ಕೂಡ ಇದೇ ನಾದ ಹಾಡುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದರೆ ಮನೆ ನಿಶ್ಶಬ್ದವಾಗುತ್ತದೆಂದು ಹಿಗ್ಗಬೇಡಿ, ಇನ್ವರ್ಟರೇ ಗುನುಗಲು ಶುರುಮಾಡುತ್ತದೆ.

ಇನ್ನು ಗುಡಾರ. ಕಬ್ಬಿಣದ ಎರಡು ಕಿಟಕಿ ಸರಳುಗಳಿಂದ ಎದುರು ಗೋಡೆಯ ಮೊಳೆಗಳಿಗೆ ನೈಲಾನ್ ಹಗ್ಗ ಬಿಗಿದು, ಅದರ ಮೇಲೆ ಹೊದಿಕೆ ಇಳಿಬಿಟ್ಟೆ. ಸೊಳ್ಳೆ ಪರದೆಯ ಕಂಬಗಳನ್ನು ಚೌಕಟ್ಟಾಗಿ ಬಳಸುವ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಕಂಬಳಿಯ ಭಾರಕ್ಕೆ ಅವು ಬಾಗುತ್ತವೆ, ಹಗ್ಗವೇ ಗಟ್ಟಿ. ಹೊದಿಕೆಗಳಲ್ಲಿ ಯಾವುದು ಒಳ್ಳೆಯದು ಎಂಬುದಕ್ಕೆ ಸುಲಭ ಪರೀಕ್ಷೆಯಿದೆ: ಬಾಯಿಗೆ ಒತ್ತಿಹಿಡಿದು ಊದಿ. ಉಸಿರು ತುಸು ಕಷ್ಟಪಟ್ಟು ಆಚೆ ಹೋದರೆ ಒಳ್ಳೆಯದು. ಸರಾಗ ಹೋದರೆ ಸದ್ದೂ ಸರಾಗ ಹೋಗುತ್ತದೆ, ಹೋಗದೇ ಇದ್ದರೆ ಸದ್ದು ವಾಪಸು ಬರುತ್ತದೆ. ನುಣುಪಾದ ಸಿಂಥೆಟಿಕ್ ಹೊದಿಕೆಗಳಲ್ಲಿ ಕೆಲವು ತೆಳು, ಕೆಲವು ಪ್ಲಾಸ್ಟಿಕ್ಕಿನಂತೆ ಮುಚ್ಚಿಕೊಂಡಿರುತ್ತವೆ. ಚಳ್ಳಕೆರೆ ಕಡೆಯ ಒರಟು ಕುರಿ ಉಣ್ಣೆಯ ಕಂಬಳಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಯಿತು. ಅದಕ್ಕಿಂತ ಮೇಲು ನಮ್ಮ ಅಜ್ಜಿ ಹೊಲಿದ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು ಒತ್ತಾಗಿ ದಾರ ಹಾಕಿದ ಕೌದಿಗೆ ತೂಕವಿದೆ, ಉಸಿರಾಡಲು ರಂಧ್ರಗಳಿವೆ. ನೆಲಕ್ಕೆ ಹತ್ತಿಯ ಗಾದಿ ಹಾಸಿದೆ. ಕಾವಿ ನೆಲ ಗೋಡೆಯಷ್ಟೇ ಸದ್ದು ಪುಟಿಸುತ್ತದೆ, ಆದರೆ ಎಲ್ಲರೂ ಗೋಡೆ ಮುಚ್ಚಿ ನೆಲವನ್ನು ಬಿಟ್ಟುಬಿಡುತ್ತಾರೆ. ತಲೆಯ ಮೇಲೆಯೂ ಒಂದು ಕೌದಿ ಅಡ್ಡ ಹಾಕಿದೆ.

ಹೊದಿಕೆಯನ್ನು ಗೋಡೆಗೆ ಅಂಟಿಸಿ ತೂಗಬಾರದು, ಒಂದು ಗೇಣಿನ ಅರ್ಧದಷ್ಟಾದರೂ ಬಿಟ್ಟು ತೂಗಬೇಕು. ಗೋಡೆಗೆ ತಾಗಿದಲ್ಲಿ ಗಾಳಿಯ ಕಣಗಳು ಅಲುಗುವುದೇ ಇಲ್ಲ, ಅಲ್ಲಿ ಕಂಬಳಿಗೆ ನುಂಗಲು ಏನೂ ಇರುವುದಿಲ್ಲ. ಹತ್ತು ಸೆಂಟಿಮೀಟರ್ ಮುಂದೆ ತೂಗಿದರೆ ಸುಮಾರು 850 ಹರ್ಟ್ಸಿನ ಆಸುಪಾಸಿನಿಂದ ಮೇಲಿನ ಸದ್ದನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮಾತಿನ ಸ್ಪಷ್ಟತೆಯೆಲ್ಲ ಆ ಭಾಗದಲ್ಲೇ ಇರುವುದರಿಂದ ಇದು ದೊಡ್ಡ ಲಾಭ. ನೆರಿಗೆ ಇಟ್ಟು ತೂಗಿದರೆ ಇನ್ನೂ ಒಳ್ಳೆಯದು.

ಕೆಳಗಿನ ಸ್ವರಕ್ಕೆ ಮಾತ್ರ ಯಾವ ಕೌದಿಯೂ ಅಡ್ಡಬರಲಾರದು. 100 ಹರ್ಟ್ಸಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಕೌದಿ ಅದಕ್ಕೆ ಇದ್ದೂ ಇಲ್ಲದಂತೆ. ಕೋಣೆಯ ನಟ್ಟನಡುವೆ ಗುಡಾರ ಕಟ್ಟಿ ಪರೀಕ್ಷಿಸಿದಾಗ ಟ್ರ್ಯಾಕ್ಟರ್ ಕಾಕಾನ ದನಿಯಲ್ಲಿ ಕೆಲವು ಮಾತುಗಳು ಬುರುಡೆಯಿಂದ ಬಂದಂತೆ ಬುಂ ಎಂದು ಉಬ್ಬುತ್ತಿದ್ದವು, ಶಿಕ್ಷಕಿಯ ದನಿಯಲ್ಲಿ ಆ ತೊಂದರೆಯೇ ಇರಲಿಲ್ಲ. ಹತ್ತು ಅಡಿ ಅಗಲದಲ್ಲಿ ಸುಮಾರು 112 ಹರ್ಟ್ಸಿಗೆ ಒಂದು ಅಲೆ ಕೋಣೆಯಲ್ಲಿ ನಿಂತುಬಿಡುತ್ತದೆ. ಅದರ ಉಬ್ಬು ನಡುವಿನಲ್ಲಿ ಮತ್ತು ಗೋಡೆಗಳ ಬಳಿ, ತಗ್ಗು ಎರಡೂ ಕಡೆಯ ಕಾಲುಭಾಗದಲ್ಲಿ. ಕಾಕಾನ ದನಿ ಸರಿಯಾಗಿ ಆ ಉಬ್ಬಿನ ಮೇಲೆಯೇ ಕುಳಿತಿತ್ತು. ಅಂದರೆ ಹೊದಿಕೆ ಹೆಚ್ಚಿಸಿ ಫಲವಿಲ್ಲ, ಜಾಗ ಬದಲಿಸಬೇಕು. ಮೊಬೈಲ್ ಗೋಡೆಯಿಂದ ಎರಡೂವರೆ ಅಡಿ ದೂರ ಬರುವಂತೆ ಇಡೀ ಗುಡಾರವನ್ನು ಪಕ್ಕಕ್ಕೆ ಸರಿಸಿದೆವು. ಉಬ್ಬು ಹೆಚ್ಚುಕಡಿಮೆ ಇಳಿದುಹೋಯಿತು. ನಿಮ್ಮ ಕೋಣೆಯ ಲೆಕ್ಕ ಬೇಡವೆಂದರೆ, ದಪ್ಪ ದನಿಯವರೊಬ್ಬರನ್ನು ಗುನುಗಲು ಹೇಳಿ ಮೊಬೈಲ್ ಹಿಡಿದು ನಿಧಾನವಾಗಿ ಸರಿಯುತ್ತಾ ರೆಕಾರ್ಡ್ ಮಾಡಿ. ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದು ಹೆಡ್‌ಫೋನಿನಲ್ಲಿ ಕೇಳುತ್ತದೆ.

ಮೊಬೈಲಿನ ಮೈಕು ಎಲ್ಲಿದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಊಹೆ ಬೇಡ. ರೆಕಾರ್ಡಿಂಗ್ ಆನ್ ಮಾಡಿ, ಕೆಳಗಿನ ಅಂಚು, ಮೇಲಿನ ಅಂಚು, ಕ್ಯಾಮೆರಾ ಪಕ್ಕದ ರಂಧ್ರ ಇವನ್ನು ಒಂದೊಂದಾಗಿ ಹೆಸರು ಹೇಳುತ್ತಾ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕೇಳುವಾಗ ಯಾವುದು ಕರ್ಕಶವಾಗಿ ದೊಡ್ಡದಾಗಿ ಬರುತ್ತದೋ ಅದೇ ಕೆಲಸ ಮಾಡುತ್ತಿರುವ ಮೈಕು. ನನ್ನದರಲ್ಲಿ ಕೆಳ ಅಂಚಿನದು. ಕವಚ ತೆಗೆದೆ, ಏಕೆಂದರೆ ಅದರ ತೂತು ಮೈಕಿಗೆ ಸರಿಯಾಗಿ ಕೂಡದೆ ಅರ್ಧ ಮುಚ್ಚಿತ್ತು. ಏರೋಪ್ಲೇನ್ ಮೋಡ್ ಹಾಕಿದೆ. ಕರೆ ಬರುವುದಷ್ಟೇ ಅಲ್ಲ, ಮೆಸೇಜಿನ ನಡುಕವೂ ಧ್ವನಿಯಲ್ಲಿ ಸೇರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಮೊಬೈಲಿನ ಬುದ್ಧಿವಂತಿಕೆಯನ್ನು ಆಫ್ ಮಾಡುವುದು. ಫೋನ್ ಕರೆಗೆಂದು ಅದು ಗದ್ದಲ ಕತ್ತರಿಸುತ್ತದೆ, ಸಣ್ಣ ದನಿಯನ್ನು ತಾನೇ ಎತ್ತುತ್ತದೆ, ದೊಡ್ಡದನ್ನು ತಾನೇ ಇಳಿಸುತ್ತದೆ. ಕಥೆ ಹೇಳುವವರಿಗೆ ಇದು ಶಾಪ. ಗುರುತು ಹಿಡಿಯುವುದು ಹೀಗೆ: ಒಂದು ಸಾಲು ಪಿಸುಗುಟ್ಟಿ, ಮರು ಸಾಲು ಕೂಗಿ, ಆಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ಕೇಳುವಾಗ ಪಿಸುಮಾತು, ಕೂಗು ಎರಡೂ ಒಂದೇ ಮಟ್ಟದಲ್ಲಿದ್ದರೆ ಅಥವಾ ಮೌನದಲ್ಲಿ ಹುಶ್ ಎಂಬ ಸದ್ದು ಮೆಲ್ಲಮೆಲ್ಲನೆ ಏರುತ್ತಾ ಬಂದರೆ ಫೋನು ಮಟ್ಟವನ್ನು ತಾನೇ ಏರಿಳಿಸುತ್ತಿದೆ. ಮಾತು ಮುಗಿದ ಕೂಡಲೇ ಕತ್ತರಿ ಹಾಕಿದಂತೆ ಎಲ್ಲವೂ ಸತ್ತುಹೋದರೆ, ಕೊನೆಯ ಅಕ್ಷರದ ಬಾಲವೂ ಮಾಯವಾಗಿದ್ದರೆ ಗದ್ದಲ ಕತ್ತರಿಸುತ್ತಿದೆ. ಆಂಡ್ರಾಯ್ಡ್‌ನಲ್ಲಿ ಧ್ವನಿಯ ಮೂಲವನ್ನು ಆರಿಸಲು ಬಿಡುವ ರೆಕಾರ್ಡರ್ ಆ್ಯಪ್‌ಗಳಿವೆ. ಅಲ್ಲಿ `Unprocessed` ಇದ್ದರೆ ಅದು, ಇಲ್ಲದಿದ್ದರೆ `Voice recognition`. ಐಫೋನಿನ `Voice Memos` ಆ್ಯಪ್‌ಗೆ ಸೆಟ್ಟಿಂಗ್ಸ್‌ನಲ್ಲಿ `Lossless` ಎಂದಿದೆ. ನಾನು 48 ಕಿಲೋಹರ್ಟ್ಸ್, ಮೊನೊ, `WAV` ಇಟ್ಟೆ. 16 ಬಿಟ್‌ನಲ್ಲಿ ನಿಮಿಷಕ್ಕೆ ಆರು ಎಂಬಿಯೂ ಆಗುವುದಿಲ್ಲ, ಜಾಗದ ಚಿಂತೆ ಬೇಡ.

ದೂರ ಒಂದು ಗೇಣು, ಸುಮಾರು 20 ಸೆಂಟಿಮೀಟರ್. ದೂರ ಇಮ್ಮಡಿಯಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಅಷ್ಟೇ ಇರುತ್ತದೆ. ಹೀಗಾಗಿ ಇನ್ನೆರಡು ಕಂಬಳಿ ತೂಗುವುದಕ್ಕಿಂತ ಗೇಣಷ್ಟು ಹತ್ತಿರ ಬರುವುದು ಲಾಭ. ತೀರಾ ಹತ್ತಿರವಾದರೆ ಪಕಾರ, ಬಕಾರಗಳ ಉಸಿರು ಮೈಕಿಗೆ ಬಡಿದು ಢುಬ್ ಎನ್ನುತ್ತದೆ. ಮಹಾಪ್ರಾಣಗಳಲ್ಲಿ ಇನ್ನೂ ಹೆಚ್ಚು. ‘ಹೂಳು’ ಎಂದರೆ ಏನೂ ಆಗುವುದಿಲ್ಲ, ‘ಫಲವತ್ತಾದ ಭೂಮಿ’ ಎಂದರೆ ಎರಡು ಬಾರಿ ಬಡಿತ. ಮೊಬೈಲನ್ನು ಹುಬ್ಬಿನ ಎತ್ತರಕ್ಕೆ ಏರಿಸಿ, ಮೈಕಿನ ಅಂಚು ಕೆಳಗೆ ಬಾಯಿಯತ್ತ ನೋಡುವಂತೆ ಓರೆಯಾಗಿ ಇಟ್ಟರೆ ಉಸಿರು ಅದರ ಕೆಳಗಿನಿಂದ ಹಾದುಹೋಗುತ್ತದೆ. ಹಳೆಯ ಕ್ಯಾಮೆರಾ ಸ್ಟ್ಯಾಂಡಿಗೆ ಮೊಬೈಲ್ ಹಿಡಿಕೆ ಸಿಕ್ಕಿಸಿ, ಸ್ಟ್ಯಾಂಡಿನ ಕಾಲುಗಳ ಕೆಳಗೆ ಮಡಿಸಿದ ಟವೆಲ್ ಇಟ್ಟೆ.

ಕೂರುವ ಮೊದಲು ಮೌನವನ್ನು ಅಳೆಯಬೇಕು. ಎಲ್ಲ ಸಿದ್ಧವಾದ ಮೇಲೆ ಅರ್ಧ ನಿಮಿಷ ಯಾರೂ ಅಲುಗದೆ ರೆಕಾರ್ಡ್ ಮಾಡಿ, ಫೈಲನ್ನು ಕಂಪ್ಯೂಟರಿಗೆ ಹಾಕಿ `ffmpeg` ಎಂಬ ತಂತ್ರಾಂಶಕ್ಕೆ ಈ ಆಜ್ಞೆ ಕೊಟ್ಟೆ:

```
ffmpeg -i mouna.wav -af volumedetect -f null -
```

ಅದು `mean_volume` ಎಂದು ಒಂದು ಅಂಕಿ ಕೊಡುತ್ತದೆ, ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಸದ್ದು ಕಡಿಮೆ. ಫ್ರಿಜ್ ಇದ್ದಾಗ −49 ಡೆಸಿಬೆಲ್, ಆರಿಸಿದ ಮೇಲೆ −58. ಮಾತಿನ ಶಿಖರಗಳನ್ನು −12 ರಿಂದ −6 ರ ನಡುವೆ ಇಟ್ಟುಕೊಂಡರೆ ಈ −58 ಸಾಕಷ್ಟು ದೂರ. ಆಡಿಯೊ ಪುಸ್ತಕದವರು ಕೇಳುವ −60ರಷ್ಟು ಶಾಂತವಲ್ಲ, ಒಂದು ಕೂದಲೆಳೆಯಷ್ಟು ಸದ್ದು ಹೆಚ್ಚು, ನನ್ನ ಚಿತ್ರಕ್ಕೆ ಧಾರಾಳ. ಈ ಅರ್ಧ ನಿಮಿಷದ ಮೌನವನ್ನು ಅಳಿಸಬೇಡಿ, ಸಂಕಲನದಲ್ಲಿ ಬೇಕಾಗುತ್ತದೆ.

ಇಲ್ಲಿಯವರೆಗೆ ಗುಡಾರಕ್ಕೆ ನಾಲ್ಕೂ ಕಡೆ ಗೋಡೆಯಿತ್ತು. ಚಪ್ಪಾಳೆ ತಟ್ಟಿದರೆ ಟಪ್ ಎಂದು ಅಲ್ಲೇ ಬಿದ್ದುಹೋಗುತ್ತಿತ್ತು. ಅಕ್ಕೋರು, ಅಂದರೆ ನಮ್ಮ ಶಿಕ್ಷಕಿ, ಒಳಗೆ ಕೂತು ಮೊದಲ ಪುಟ ಓದಿದರು. ಒಂದು ಅಕ್ಷರ ತಪ್ಪಲಿಲ್ಲ, ಒಂದು ಕಡೆಯೂ ಸದ್ದು ಬರಲಿಲ್ಲ, ಧ್ವನಿ ಗಾಜಿನಷ್ಟು ಶುದ್ಧ. ಆದರೆ ಯಾರಿಗೂ ಹೇಳಿದಂತಿರಲಿಲ್ಲ. ಪ್ರತಿ ಪದಕ್ಕೂ ಒಂದೇ ತೂಕ, ಪ್ರತಿ ವಾಕ್ಯದ ಕೊನೆಗೆ ಒಂದೇ ಏರು: ತರಗತಿಯಲ್ಲಿ ಉಕ್ತಲೇಖನ ಕೊಡುವ ಧಾಟಿ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಹಾಳೆ ಕೈಗೆ ಬಂದ ಕೂಡಲೇ ಬರುವ ಧಾಟಿ ಅದು. ಕತ್ತಲ ಗುಡಾರದಲ್ಲಿ ಒಬ್ಬರೇ ಕೂತು, ಮುಖವಿಲ್ಲದ ಫೋನಿನ ಎದುರು, ಕಾಗದ ನೋಡುತ್ತಾ ಮಾತಾಡುವವರಿಗೆ ಬೇರೆ ಧಾಟಿ ಎಲ್ಲಿಂದ ಬರಬೇಕು? ಧ್ವನಿಗೆ ಒಳ್ಳೆಯದಾದ ಪೆಟ್ಟಿಗೆ ಮಾತಿಗೆ ಕೆಟ್ಟದ್ದಾಗಿತ್ತು.

ಹಾಗಾಗಿ ಮಾತಾಡುವವರ ಎದುರಿನ ಗೋಡೆಯನ್ನೇ ತೆಗೆದೆ. ಮೂರು ಗೋಡೆ, ಎದುರು ತೆರಪು, ಆ ತೆರಪಿನಲ್ಲಿ ಮೊಬೈಲಿನ ಹಿಂದೆ ಎರಡು ಅಡಿ ದೂರದಲ್ಲಿ ಕೇಳುವವನ ಜಾಗ. ಗುಡಾರದ ಬಾಯಿಗೆ ಅಡ್ಡಲಾಗಿ ನಾನು ಕೂತೆ, ನನ್ನ ಬೆನ್ನ ಹಿಂದೆ ನಾಲ್ಕನೇ ಕೌದಿಯನ್ನು ತೂಗಿದೆ. ಅಂದರೆ ಗುಡಾರವೇ ದೊಡ್ಡದಾಗಿ ಕೇಳುವವನನ್ನೂ ಒಳಗೆ ತೆಗೆದುಕೊಂಡಿತು. ಧ್ವನಿಗೆ ನಷ್ಟವಾಗಲಿಲ್ಲ. ಬಟ್ಟೆ ತೊಟ್ಟ ಮನುಷ್ಯನೂ ಸದ್ದು ನುಂಗುವ ವಸ್ತುವೇ. ಮೊಬೈಲಿನ ಮೈಕು ಎಲ್ಲ ಕಡೆಯ ಸದ್ದನ್ನೂ ಹೆಚ್ಚುಕಡಿಮೆ ಸಮನಾಗಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಮಾತಾಡುವವರ ಬೆನ್ನ ಹಿಂದಿನ ಗೋಡೆಯನ್ನೂ ಬಿಡಬಾರದು. ಅಲ್ಲಿ ಕಂಬಳಿ, ಕೌದಿ ಎರಡನ್ನೂ ಜೋಡಿಸಿದೆ.

ಆಮೇಲೆ ಬರವಣಿಗೆಯನ್ನು ಬಿಚ್ಚಿದೆ. ಹಾಳೆಯಲ್ಲಿ ನಾನು ಬರೆದದ್ದು ಹೀಗಿತ್ತು: ‘ಸತತವಾಗಿ ಮಳೆ ಕೈಕೊಟ್ಟ ಕಾರಣ ಬತ್ತಿಹೋಗಿದ್ದ ಕೆರೆಯ ವಿಶಾಲವಾದ ಅಂಗಳವು ಊರಿನ ಮಕ್ಕಳ ಆಟದ ಮೈದಾನವಾಗಿ ಪರಿಣಮಿಸಿತ್ತು.’ ಕಣ್ಣಿಗೆ ಸರಿ, ಒಂದೇ ಉಸಿರಿಗೆ ಭಾರ. ಅದನ್ನು ಹೀಗೆ ಒಡೆದೆ: ‘ಆ ವರ್ಷವೂ ಮಳೆ ಬರಲಿಲ್ಲ. ಕೆರೆ ಬತ್ತಿತು. ಮಕ್ಕಳು ಅಲ್ಲೇ ಆಡಿಕೊಂಡರು.’ ಉಸಿರಿನ ಜಾಗಗಳು ತಾವಾಗಿ ಬಂದವು. ಹಾಳೆಯನ್ನು ಅಕ್ಕೋರ ಕೈಯಿಂದ ತೆಗೆದುಕೊಂಡು ಪಕ್ಕದಲ್ಲಿ ಬಟ್ಟೆಯ ಹ್ಯಾಂಗರಿಗೆ ಕ್ಲಿಪ್ ಹಾಕಿ ತೂಗಿದೆ, ಅಕ್ಷರ ದೊಡ್ಡದು, ಒಂದೇ ಬದಿ. ಕೈಯಲ್ಲಿ ಹಾಳೆ ಇದ್ದರೆ ಸರಸರ ಸದ್ದು ಬರುವುದಷ್ಟೇ ಅಲ್ಲ, ಕತ್ತು ಬಗ್ಗಿ ಗಂಟಲು ಒತ್ತಿದಂತಾಗುತ್ತದೆ.

ಒಂದೊಂದು ತುಣುಕಿಗೆ ನಾನು ಪ್ರಶ್ನೆ ಕೇಳುವುದು, ಅವರು ಉತ್ತರವಾಗಿ ಸಾಲು ಹೇಳುವುದು ಎಂದು ಮಾಡಿಕೊಂಡೆವು.

“ಅಕ್ಕೋರೇ, ನಾನು ಆ ಊರಿಗೆ ಹೊಸಬ. ಇಲ್ಲಿ ಕೆರೆ ಇತ್ತಂತಲ್ಲ, ಏನಾಯಿತು?”

ಅವರು ನನ್ನ ಮುಖ ನೋಡಿ ಒಂದು ಕ್ಷಣ ತಡೆದು, “ಆ ವರ್ಷವೂ ಮಳೆ ಬರಲಿಲ್ಲ” ಎಂದರು. ಆ ‘ವರ್ಷವೂ’ ಎಂಬಲ್ಲಿ ತಾನಾಗಿ ಒತ್ತು ಬಂತು, ಕೊನೆ ಇಳಿಯಿತು. ಅಷ್ಟು ಹೊತ್ತು ‘ಸ್ವಲ್ಪ ಭಾವ ತುಂಬಿ’ ಎಂದು ಬೇಡಿಕೊಂಡಿದ್ದರೆ ಇದು ಬರುತ್ತಿರಲಿಲ್ಲ. ಭಾವ ತುಂಬಿ, ಇನ್ನೂ ಜೀವ ಇರಲಿ, ನೈಜವಾಗಿರಲಿ ಎಂಬ ಸೂಚನೆಗಳನ್ನು ಅಭ್ಯಾಸವಿಲ್ಲದವರು ಹೇಗೆ ಪಾಲಿಸಬೇಕು? ನಾಟಕ ಮಾಡಲು ಶುರುಮಾಡುತ್ತಾರೆ. ಯಾರಿಗೆ ಹೇಳುತ್ತಿದ್ದೀರಿ, ಅವರಿಗೆ ಈಗಾಗಲೇ ಏನು ಗೊತ್ತು, ಕೇಳಿ ಅವರು ಏನು ಮಾಡಬೇಕು ಎಂಬುದನ್ನು ಹೇಳಿದರೆ ಪಾಲಿಸಬಹುದು. “ಅವನು ನಂಬುತ್ತಿಲ್ಲ, ನಂಬಿಸಿ” ಎಂಬುದು ಸೂಚನೆ.

ಪ್ರಶ್ನೆ ಕೇಳುವ ಈ ಪದ್ಧತಿಗೆ ಒಂದು ನಿಯಮ ಬೇಕು: ಪ್ರಶ್ನೆ ಮುಗಿದ ಮೇಲೆ ಒಂದು ಉಸಿರಿನಷ್ಟು ಬಿಟ್ಟು ಉತ್ತರ. ಇಲ್ಲದಿದ್ದರೆ ಎರಡು ದನಿಗಳೂ ಒಂದರ ಮೇಲೊಂದು ಬಂದು ಕತ್ತರಿಸಲು ಸಾಧ್ಯವಾಗದು. ಇನ್ನೊಂದು ನಿಯಮ ನನಗೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಡಬೇಕು, ಹೂಂ ಎನ್ನದಿದ್ದರೆ ಹೇಳುವವರಿಗೆ ಮುಂದೆ ಹೋಗಲು ಮನಸ್ಸೇ ಬಾರದು. ಇಲ್ಲಿ ನನ್ನ ಹೂಂ ಮೈಕಿನಲ್ಲಿ ಕೂಡುತ್ತದೆ, ಹೂಂ ಎನ್ನದಿದ್ದರೆ ಅಕ್ಕೋರು ನಡುವೆ ತಡೆದು ನನ್ನನ್ನೇ ನೋಡುತ್ತಾರೆ. ಕೊನೆಗೆ ಬಾಯಿ ಮುಚ್ಚಿ, ಕಣ್ಣು ಮತ್ತು ತಲೆಯಿಂದ ಹೂಂಗುಡುವುದನ್ನು ರೂಢಿಸಿಕೊಂಡೆ. ತಲೆ ಅಲ್ಲಾಡಿಸುವಾಗ ಕುರ್ಚಿ ಕಿರುಗುಟ್ಟದ ಹಾಗೆ ನೆಲದ ಗಾದಿಯ ಮೇಲೆ ಕುಳಿತೆ.

ಅಕ್ಕೋರ ಕೈಯ ಗಾಜಿನ ಬಳೆಗಳು ಇನ್ನೊಂದು ಪ್ರಶ್ನೆ. ಕೈಯಾಡಿಸದೆ ಅವರು ಮಾತಾಡಲಾರರು, ಆಡಿಸಿದರೆ ಬಳೆ ಮಾತಾಡುತ್ತದೆ. ಬಳೆ ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳುವುದೂ ಸರಿಯಲ್ಲ. ಬಳೆಗಳನ್ನು ಮೊಣಕೈಯತ್ತ ಏರಿಸಿ ಅವುಗಳ ಮೇಲೆ ಕರವಸ್ತ್ರ ಬಿಗಿದರು, ಅವರದೇ ಉಪಾಯ. ಸೀರೆ ಹತ್ತಿಯದಿರಲಿ ಎಂದು ಮಾತ್ರ ಮೊದಲೇ ಕೇಳಿಕೊಂಡಿದ್ದೆ. ರೇಷ್ಮೆ ಅಲುಗಿದಾಗಲೆಲ್ಲ ಸರ್ ಎನ್ನುತ್ತದೆ.

ಟ್ರ್ಯಾಕ್ಟರ್ ಕಾಕಾನ ಕಥೆ ತಿರುವುಮುರುವು. ಗುಡಾರದ ಹೊರಗೆ ಅವರಷ್ಟು ಚೆನ್ನಾಗಿ ಮಾತಾಡುವವರು ಇಲ್ಲ, ಒಳಗೆ ಬಂದ ಕೂಡಲೇ ಗ್ರಾಮಸಭೆಯ ಭಾಷಣ ಶುರು. ಅವರಿಗೆ ಹಾಳೆಯನ್ನೇ ಕೊಡಲಿಲ್ಲ. ರೆಕಾರ್ಡಿಂಗ್ ಆನ್ ಮಾಡಿಟ್ಟು, ಹೂಳು ತುಂಬಿದ ಟ್ರೇಲರ್ ಕೆಸರಿನಲ್ಲಿ ಹೂತುಹೋದರೆ ಹೇಗೆ ತೆಗೆಯುತ್ತೀರಿ ಎಂದು ಕೇಳಿದೆ. ಅವರು ವಿವರಿಸಿದ್ದು ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು, ನನ್ನ ನಾಲ್ಕು ಸಾಲು ಹೊಡೆದುಹಾಕಿ ಅವರ ಎರಡು ಸಾಲು ಇಟ್ಟೆ. ಚಿತ್ರದ ಕಥೆಗೆ ಬೇಕಾದ ಮಾಹಿತಿ ಬಂದರೆ ಸಾಕು, ಪದ ಯಾರದಾದರೇನು? ಎಂಜಿನ್ನಿನ ಮೇಲೆ ಕೂಗಿ ಅಭ್ಯಾಸವಾದ ದನಿ ಅವರದು, ಆದ್ದರಿಂದ ಮಟ್ಟವನ್ನು ಅವರ ಸಾಧಾರಣ ಮಾತಿಗಲ್ಲ, ನಗುವಿಗೆ ಹೊಂದಿಸಬೇಕಾಯಿತು. ಮೊಬೈಲಿನ ಮಟ್ಟ ಇಳಿಸಲು ಆ್ಯಪ್ ಬಿಡದಿದ್ದರೆ ಮಾತಾಡುವವರನ್ನೇ ಅರ್ಧ ಗೇಣು ಹಿಂದೆ ಕೂರಿಸಿ.

ಅವರಿಗೆ ಒಂದು ಕೂಗು ಇತ್ತು: “ನಿಲ್ಲಿಸು, ಕಲ್ಲಿದೆ!” ಅದನ್ನು ಕೊನೆಗೆ ಇಟ್ಟುಕೊಂಡೆವು, ಕೂಗಿದ ಮೇಲೆ ಗಂಟಲು ಮೊದಲಿನಂತಿರುವುದಿಲ್ಲ. ಎದ್ದು ನಿಂತು, ಮೊಬೈಲಿನಿಂದ ಮೂರು ಗೇಣು ಹಿಂದೆ ಸರಿದು, ಮುಖವನ್ನು ಬದಿಯ ಕಂಬಳಿಯತ್ತ ತಿರುಗಿಸಿ ಕೂಗಿದರು. ಕುಳಿತೇ ಕೂಗಿದ ದನಿಗೂ ನಿಂತು ಕೂಗಿದ ದನಿಗೂ ಅಜಗಜಾಂತರ, ಹೊಟ್ಟೆ ಮಡಿಸಿಕೊಂಡು ಯಾರೂ ಕೂಗಲಾರರು. ಟ್ರ್ಯಾಕ್ಟರ್ ನಡೆಸುತ್ತಾ ಆಡುವ ಮಾತುಗಳಿಗೆ ಒಂದು ಟವೆಲನ್ನು ಉರುಳೆಯಾಗಿ ಸುತ್ತಿ ಸ್ಟೀರಿಂಗಿನಂತೆ ಕೈಗೆ ಕೊಟ್ಟೆ. ತಿರುಗಿಸುವಾಗ ಮಾತಿನಲ್ಲಿ ಬರುವ ತುಸು ತಿಣುಕು ಯಾವ ವಿವರಣೆಯಿಂದಲೂ ಬರುವುದಿಲ್ಲ.

ಹುಡುಗಿಗೆ ಒಂದೇ ಎಚ್ಚರಿಕೆ: ‘ಹೀಗೆ ಹೇಳು’ ಎಂದು ಹೇಳಿ ತೋರಿಸಬಾರದು. ಮಕ್ಕಳು ಅನುಕರಣೆಯಲ್ಲಿ ಎಷ್ಟು ಗಟ್ಟಿ ಎಂದರೆ ನಲವತ್ತು ದಾಟಿದ ನನ್ನ ಏರಿಳಿತವೇ ಅವಳ ಬಾಯಿಂದ ಬರುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಅವಳ ಗೆಳತಿಯನ್ನು ಕರೆಸಿ ನನ್ನ ಜಾಗದಲ್ಲಿ ಕೂರಿಸಿದೆ.

“ತಂಗಿ, ಕೆರೆಯೊಳಗೆ ನಿನಗೆ ಹಳೆಯ ಮೆಟ್ಟಿಲು ಸಿಕ್ಕಿದೆ. ಇವಳಿಗೆ ಮಾತ್ರ ಹೇಳು. ದೊಡ್ಡವರಿಗೆ ಗೊತ್ತಾದರೆ ಆಡಲು ಬಿಡುವುದಿಲ್ಲ.”

“ಕಾಕಾ, ನೀವು ಕೇಳಿಸಿಕೊಳ್ಳುತ್ತೀರಲ್ಲ?”

“ನಾನು ಅಡುಗೆಮನೆಗೆ ಹೋಗುತ್ತೇನೆ.”

ನಿಜಕ್ಕೂ ಹೋದೆ, ಮೊಬೈಲ್ ತನ್ನ ಪಾಡಿಗೆ ರೆಕಾರ್ಡ್ ಮಾಡುತ್ತಿತ್ತು. ಚಿತ್ರದಲ್ಲಿ ಉಳಿದದ್ದು ಆ ಗುಟ್ಟಿನ ಮಾತೇ. ಪಿಸುಮಾತಿಗೆ ಮಾತ್ರ ಮೊಬೈಲನ್ನು ಅರ್ಧ ಗೇಣಿಗೆ ಹತ್ತಿರ ತಂದಿದ್ದೆ, ಏಕೆಂದರೆ ಪಿಸುಮಾತನ್ನು ಆಮೇಲೆ ಎತ್ತಿದರೆ ಅದರ ಜೊತೆ ಕೋಣೆಯ ಗದ್ದಲವೂ ಏಳುತ್ತದೆ. ಗೆಜ್ಜೆ ಬಿಚ್ಚಿಸಿದ್ದೆ. ಅವಳ ಕಾಲು ತೂಗುವ ಅಭ್ಯಾಸಕ್ಕೆ ಸ್ಟೂಲಿನ ಬದಲು ಗಾದಿಯ ಮೇಲೆ ಚಕ್ಕಳಮಕ್ಕಳ ಕೂರಿಸಿದೆ.

ಎಲ್ಲರಿಗೂ ಒಂದೇ ವ್ಯವಸ್ಥೆ: ಫ್ಯಾನ್ ಆಫ್, ಗುಡಾರದೊಳಗೆ ಸೆಕೆ, ಆದ್ದರಿಂದ ಕಾಲು ಗಂಟೆಗೊಮ್ಮೆ ಹೊರಗೆ ಬಂದು ಫ್ಯಾನ್ ಕೆಳಗೆ ಕೂರುವುದು, ಸಾದಾ ನೀರು ಕುಡಿಯುವುದು. ಚಹಾ ಬೇಡ, ಹಾಲು ಬೇಡ; ಬಾಯಿ ಅಂಟಂಟಾಗಿ ಪದಗಳ ನಡುವೆ ಚಿಟಚಿಟ ಕೇಳುತ್ತದೆ. ಪ್ರತಿ ತುಣುಕಿನ ಮೊದಲು ನಾನು ಸಂಖ್ಯೆ ಹೇಳಿ ಒಂದು ಚಿಟಿಕೆ ಹೊಡೆಯುತ್ತಿದ್ದೆ, ಕಂಪ್ಯೂಟರಿನ ಪರದೆಯಲ್ಲಿ ಆ ಚಿಟಿಕೆ ಮೊಳೆಯಂತೆ ಎದ್ದುಕಾಣುತ್ತದೆ. ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸುತ್ತಿರಲಿಲ್ಲ. ಹಿಂದಿನ ವಾಕ್ಯದಿಂದ ಮತ್ತೆ ಹೇಳಿ ಎನ್ನುತ್ತಿದ್ದೆ, ತಪ್ಪಿದ ಪದದಿಂದ ಹಿಡಿದರೆ ಜೋಡಣೆ ಕೂಡುವುದಿಲ್ಲ. ಚೆನ್ನಾಗಿ ಬಂದ ಮೇಲೂ ‘ಇದು ಆಯಿತು, ಈಗ ನಿಮ್ಮ ಖುಷಿಗೆ ಒಮ್ಮೆ’ ಎಂದು ಇನ್ನೊಂದು ತೆಗೆದುಕೊಂಡೆ. ಎಷ್ಟೋ ಕಡೆ ಆ ಖುಷಿಯದೇ ಉಳಿಯಿತು.

ಸಂಕಲನದಲ್ಲಿ ಹೆಚ್ಚು ಕೈಯಾಡಿಸಲಿಲ್ಲ. ತುಣುಕುಗಳ ನಡುವೆ ಖಾಲಿ ಬಿಟ್ಟರೆ ಕಿವಿಗೆ ಗುಂಡಿಗೆ ಬಿದ್ದಂತಾಗುತ್ತದೆ, ಅಲ್ಲಿ ಮೊದಲು ಮುದ್ರಿಸಿಟ್ಟ ಮೌನವನ್ನು ಹಾಸಿದೆ. ಉಸಿರುಗಳನ್ನು ಅಳಿಸಲಿಲ್ಲ, ಅರ್ಧದಷ್ಟು ತಗ್ಗಿಸಿದೆ. ಗದ್ದಲ ತೆಗೆಯುವ ಫಿಲ್ಟರನ್ನು 6 ಡೆಸಿಬೆಲ್‌ಗಿಂತ ಹೆಚ್ಚು ಬಳಸಲಿಲ್ಲ. ಹೆಚ್ಚಾದರೆ ಸಕಾರ, ಶಕಾರಗಳು ನೀರಿನಲ್ಲಿ ಗುಳುಗುಳು ಎಂದಂತೆ ಕೇಳುತ್ತವೆ. ಕಾಕಾನ ದನಿಯಲ್ಲಿ ಉಳಿದಿದ್ದ ಪೆಟ್ಟಿಗೆಯ ನಾದಕ್ಕೆ 300 ಹರ್ಟ್ಸಿನ ಬಳಿ 3 ಡೆಸಿಬೆಲ್ ಇಳಿಸಿದೆ. ಕೊನೆಗೆ ಒಟ್ಟು ಗಟ್ಟಿತನ ಅಳೆದೆ:

```
ffmpeg -i kathe.wav -af loudnorm=I=-16:print_format=summary -f null -
```

`Input Integrated` ಎಂಬ ಸಾಲಿನಲ್ಲಿ −23 ಬಂತು. −16 ಗುರಿ, ಅಂದರೆ 7 ಡೆಸಿಬೆಲ್ ಏರಿಸಬೇಕು. ಈ `loudnorm` ನಿಂದಲೇ ನೇರವಾಗಿ ಏರಿಸಬಹುದು, ಆದರೆ ಒಂದೇ ಸುತ್ತಿನಲ್ಲಿ ಬಳಸಿದರೆ ಅದು ಮಾತಿನ ನಡುವಿನ ಮೌನವನ್ನೂ ಎತ್ತಲು ನೋಡುತ್ತದೆ. ಮೊಬೈಲಿನಲ್ಲಿ ಆಫ್ ಮಾಡಿದ ಬುದ್ಧಿವಂತಿಕೆಯನ್ನು ಇಲ್ಲಿ ಮತ್ತೆ ಏಕೆ ಕರೆಯಬೇಕು? 80 ಹರ್ಟ್ಸಿಗಿಂತ ಕೆಳಗಿನ ಗುಡುಗನ್ನು ತಗ್ಗಿಸಿ, ಉಳಿದುದನ್ನು ಬರಿ ಏರಿಸಿ, ಶಿಖರಗಳಿಗೆ ಮಿತಿ ಹಾಕಿದೆ:

```
ffmpeg -i kathe.wav -af "highpass=f=80,volume=7dB,alimiter=limit=0.84:level=false" kathe_final.wav
```

ಇದರಿಂದ ಆಗದ ಕೆಲಸಗಳೂ ಇವೆ. ಅಕ್ಕೋರ ಒಂದು ಸಾಲಿನಲ್ಲಿ ‘ನೀರು’ ಎಂಬ ಪದದ ಮೇಲೆಯೇ ಕೋಗಿಲೆ ಕೂಗಿತ್ತು. ಪದಗಳ ನಡುವೆ ಕೂಗಿದ್ದರೆ ಕತ್ತರಿಸಿ ಮೌನ ಹಾಸಬಹುದಿತ್ತು. ಪದದ ಮೇಲೆ ಬಿದ್ದುದನ್ನು ಯಾವ ಫಿಲ್ಟರೂ ಬಿಡಿಸಲಿಲ್ಲ, ಎರಡೂ ಒಂದೇ ಪಟ್ಟಿಯ ಸ್ವರಗಳು. ಆ ಸಾಲನ್ನು ಮತ್ತೆ ಹೇಳಿಸಬೇಕಾಯಿತು. ಅದಕ್ಕೆಂದೇ ಗುಡಾರ ಬಿಚ್ಚುವ ಮೊದಲು ಸ್ಟ್ಯಾಂಡಿನ ಕಾಲುಗಳ ಸುತ್ತ, ಗಾದಿಯ ಮೂಲೆಗಳಿಗೆ ನೆಲದ ಮೇಲೆ ಟೇಪ್ ಅಂಟಿಸಿ, ಹಗ್ಗ ಕಟ್ಟಿದ ಮೊಳೆಗಳಿಗೆ ಗುರುತು ಹಾಕಿ, ಹೊದಿಕೆಗಳ ಕ್ರಮವನ್ನು ಫೋಟೊ ತೆಗೆದಿಟ್ಟಿದ್ದೆ. ಮತ್ತೆ ಕಟ್ಟಿದ ಮೇಲೆ ಅಕ್ಕೋರಿಗೆ ಮೊದಲು ಅವರ ಹಳೆಯ ರೆಕಾರ್ಡಿಂಗಿನ ಹಿಂದಿನ ಎರಡು ಸಾಲು ಹೆಡ್‌ಫೋನಿನಲ್ಲಿ ಕೇಳಿಸಿ, ಅದೇ ಹೊತ್ತಿನಲ್ಲಿ, ಅದೇ ಪ್ರಶ್ನೆ ಕೇಳಿ, ಆ ಎರಡು ಸಾಲಿನಿಂದಲೇ ಹೇಳಿಸಿದೆ. ಬೇಕಾದ ಮೂರನೆಯ ಸಾಲನ್ನಷ್ಟೇ ಉಳಿಸಿಕೊಂಡು ಕೂಡಿಸಿದಾಗ ಜೋಡಣೆ ನನಗೂ ಕೇಳಿಸಲಿಲ್ಲ.